ಕೊಡುವುದಿಲ್ಲ ಎಂದು ಬರೆಯುವುದು

ಮುಂಬಯಿಯಲ್ಲಿ ಒಬ್ಬ ಗೆಳೆಯ ಇನ್ನೊಬ್ಬನಿಗೆ ರಾತ್ರಿ ಹನ್ನೊಂದೂವರೆಗೆ ಹೀಗೊಂದು ಮೆಸೇಜ್ ಕಳಿಸುತ್ತಾನೆ ಎಂದಿಟ್ಟುಕೊಳ್ಳೋಣ. “ಬೆಟ್ಟಿಂಗ್‌ನಲ್ಲಿ ಸ್ವಲ್ಪ ಸಿಕ್ಕಿಹಾಕಿಕೊಂಡಿದ್ದೇನೆ ಮಾರಾಯ. ಒಂದೂವರೆ ಲಕ್ಷ ಬೇಕಿತ್ತು. ಎರಡು ತಿಂಗಳಲ್ಲಿ ತಿರುಗಿಸಿ ಕೊಡ್ತೇನೆ. ಮನೆಯಲ್ಲಿ ಗೊತ್ತಾಗುವುದು ಬೇಡ.” ಇಬ್ಬರೂ ಕರಾವಳಿಯ ಒಂದೇ ಊರಿನವರು, ಒಂದೇ ವರ್ಷ ಮುಂಬಯಿಗೆ ಬಂದವರು. ಕೇಳುತ್ತಿರುವವನು ಡೊಂಬಿವಲಿಯಲ್ಲಿ ಮನೆ ಮಾಡಿ ಅಂಧೇರಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಾನೆ. ಕೇಳಿಸಿಕೊಂಡವನು ಘಾಟ್‌ಕೋಪರಿನಲ್ಲಿದ್ದಾನೆ, ಅವನ ಎಫ್‌ಡಿಯಲ್ಲಿ ಎರಡು ಲಕ್ಷ ಇದೆ. ಇವರು ಉದಾಹರಣೆಗಾಗಿ ಕಟ್ಟಿದ ಜನ. ಆದರೆ ಈ ಮೆಸೇಜ್ ಓದಿದ ಕೂಡಲೇ ಯಾರದೋ ಮುಖ ನೆನಪಾಗುವ ಓದುಗರು ಕಡಿಮೆಯಿರಲಾರರು.

ಇದಕ್ಕೆ ಉತ್ತರ ಬರೆಯುವುದು ಕಷ್ಟ. ಹಣ ಕಳಿಸುವುದು ಅದಕ್ಕಿಂತ ಎಷ್ಟೋ ಸುಲಭ, ಯುಪಿಐ ಪಿನ್ ಒತ್ತಿದರೆ ಮುಗಿಯಿತು. ಬಹಳ ಮಂದಿ ಹಣ ಕೊಡುವುದು ಔದಾರ್ಯದಿಂದಲ್ಲ, ಬೇಡ ಎನ್ನುವ ವಾಕ್ಯ ಬಾಯಿಗೆ ಬಾರದೆ. ಅದಕ್ಕೇ ಆ ವಾಕ್ಯವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಅದಕ್ಕೂ ಮೊದಲು ಬಂದ ಮೆಸೇಜನ್ನು ಓದಬೇಕು.

ಅದರಲ್ಲಿ ಒಂದು ಮೊತ್ತ ಇದೆ, ಒಂದು ಗಡುವು ಇದೆ, ಒಂದು ಗುಟ್ಟು ಇದೆ. ಗಡುವಿನಿಂದ ಶುರುಮಾಡೋಣ. ಅವನ ಸಂಬಳ ಕೈಗೆ ಬರುವುದು 62,000. ಅದರಲ್ಲಿ ಮನೆ ಸಾಲದ ಕಂತು 24,000. ಎರಡು ತಿಂಗಳ ಸಂಬಳವನ್ನು ಒಂದು ಪೈಸೆ ಮುಟ್ಟದೆ ಪೂರ್ತಿ ಇಟ್ಟರೂ 1,24,000 ಆಗುತ್ತದೆ. ಉಣ್ಣದೆ, ಕಂತು ಕಟ್ಟದೆ, ರೈಲಿನ ಪಾಸನ್ನೂ ತೆಗೆಯದೆ ಇದ್ದರೂ ಎರಡು ತಿಂಗಳಲ್ಲಿ ಒಂದೂವರೆ ಲಕ್ಷ ತಿರುಗಿಸಿ ಕೊಡುವುದು ಸಾಧ್ಯವಿಲ್ಲ. ಹಾಗಾದರೆ ಅವನು ಸುಳ್ಳು ಹೇಳುತ್ತಿದ್ದಾನೆಯೇ? ಬಹುಶಃ ಇಲ್ಲ. ಅವನಿಗೆ ಆ ಮಾತಿನಲ್ಲಿ ನಂಬಿಕೆ ಇದೆ, ಯಾಕೆಂದರೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಅವನಿಗೆ ಗೊತ್ತು: ಮುಂದಿನ ಮ್ಯಾಚುಗಳಿಂದ. ಮರಳಿಸುವ ಮಾತಿನೊಳಗೇ ಮುಂದಿನ ಬಾಜಿ ಕೂತಿದೆ. ಸಾಲ ಕೊಡುವವನು ಈ ಗುಣಾಕಾರ ಮಾಡಿ ನೋಡದಿದ್ದರೆ, ತನಗೆ ಗೊತ್ತಿಲ್ಲದೆಯೇ ಆ ಬಾಜಿಯಲ್ಲಿ ಪಾಲುದಾರನಾಗುತ್ತಾನೆ.

ಇನ್ನು ಮೊತ್ತ. ಒಟ್ಟು ಸಾಲ ಎಷ್ಟೆಂದು ಕೇಳಿದರೆ ಒಂದೂವರೆ ಎಂದೇ ಹೇಳುತ್ತಾನೆ. ಕಾಗದದ ಮೇಲೆ ಬರೆಸಿದರೆ ಬೇರೆ ಲೆಕ್ಕ ಬರುತ್ತದೆ: ಬುಕ್ಕಿಗೆ 1,40,000, ಕ್ರೆಡಿಟ್ ಕಾರ್ಡಿಗೆ 1,10,000, ಎರಡು ಸಾಲದ ಆ್ಯಪುಗಳಿಗೆ 60,000, ಆಫೀಸಿನ ಜೊತೆಗಾರನೊಬ್ಬನಿಗೆ 40,000, ಹೆಂಡತಿಯ ಚಿನ್ನವನ್ನು ಅಡವಿಟ್ಟು ತೆಗೆದದ್ದು 1,20,000. ಕೂಡಿಸಿದರೆ 4,70,000. ಇಷ್ಟರಲ್ಲಿ ಈ ವಾರ ಕತ್ತಿನ ಮೇಲೆ ಕೂತಿರುವವನು ಬುಕ್ಕಿ ಒಬ್ಬನೇ. ಹಾಗಾಗಿ ಕೇಳುತ್ತಿರುವುದು ಅವನ ಬಾಬ್ತು ಮಾತ್ರ. ಗಮನಿಸಬೇಕಾದ ಸಣ್ಣ ಸಂಗತಿ ಇನ್ನೊಂದಿದೆ. ಬುಕ್ಕಿಗೆ ಕೊಡಬೇಕಾದದ್ದು 1,40,000, ಕೇಳಿದ್ದು 1,50,000. ಮಿಕ್ಕ ಹತ್ತು ಸಾವಿರ ಯಾವುದಕ್ಕೆ?

ಬುಕ್ಕಿಯ ವ್ಯವಹಾರ ಗೊತ್ತಿದ್ದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಈಗ ಬಾಜಿ ನಡೆಯುವುದು ಬಹುತೇಕ ‘ಐಡಿ’ಯ ಮೇಲೆ. ಪರಿಚಯದವರ ಮೂಲಕ ಒಬ್ಬ ಏಜೆಂಟ್ ವಾಟ್ಸ್ಆ್ಯಪಿನಲ್ಲಿ ಒಂದು ಐಡಿ ಮತ್ತು ಪಾಸ್‌ವರ್ಡ್ ಕೊಡುತ್ತಾನೆ. ಅದರಲ್ಲಿ ಇಂತಿಷ್ಟರವರೆಗೆ ಉದ್ರಿ ಆಡಬಹುದು, ಲೆಕ್ಕ ವಾರಕ್ಕೊಮ್ಮೆ. ಬಾಕಿ ಮಿತಿ ದಾಟಿದರೆ ಐಡಿ ನಿಲ್ಲುತ್ತದೆ. ಬಾಕಿ ಚುಕ್ತಾ ಆದರೆ ಮತ್ತೆ ತೆರೆಯುತ್ತದೆ, ‘ಒಳ್ಳೇ ಪಾರ್ಟಿ’ ಎಂಬ ಹೆಸರಿನ ಜೊತೆಗೆ ಕೆಲವೊಮ್ಮೆ ಮಿತಿಯೂ ಹೆಚ್ಚುತ್ತದೆ. ಅಂದರೆ ಗೆಳೆಯ ಕೊಟ್ಟ ಒಂದೂವರೆ ಲಕ್ಷದಿಂದ ಸಾಲ ತೀರುವುದಿಲ್ಲ, ಬೀಗ ತೆಗೆಯುತ್ತದೆ. ಸಾಲ ತೀರಿಸಿದೆ ಎಂಬ ನೆಮ್ಮದಿ ಕೊಟ್ಟವನಿಗೆ, ಕೀಲಿಕೈ ಆಡುವವನಿಗೆ.

ಮಟ್ಕಾದ ಕಾಲಕ್ಕೆ ಹೋಲಿಸಿದರೆ ಈ ವ್ಯತ್ಯಾಸ ದೊಡ್ಡದು. ನ್ಯೂಯಾರ್ಕಿನ ಹತ್ತಿ ಪೇಟೆಯ ದರಗಳ ಮೇಲೆ ಮುಂಬಯಿಯಲ್ಲಿ ಕಟ್ಟುತ್ತಿದ್ದ ಬಾಜಿ 1961ರಲ್ಲಿ ನಿಂತ ಮೇಲೆ, ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಅವರ ಹೆಸರಿನೊಡನೆ ಸೇರಿಕೊಂಡ ಮಟ್ಕಾ ಗಿರಣಿ ಕೇರಿಗಳಲ್ಲಿ ಬೆಳೆಯಿತು. ಅದಕ್ಕೆ ದಿನಕ್ಕೆ ಎರಡೇ ಹೊತ್ತು, ಓಪನ್ ಮತ್ತು ಕ್ಲೋಸ್. ಕರ್ನಾಟಕದಲ್ಲಿ ಅದನ್ನು ‘ಓಸಿ’ ಎನ್ನುವುದು ಈ ಎರಡು ಮಾತುಗಳ ಮೊದಲಕ್ಷರದಿಂದಲೇ. ಮನೆ ಹಾಳುಮಾಡಲು ಅದೂ ಸಾಕಿತ್ತು, ನಿಜ. ಆದರೆ ನಡುವೆ ಗಂಟೆಗಳ ಬಿಡುವಿತ್ತು. ಫೋನಿನಲ್ಲಿ ಪ್ರತಿ ಓವರಿಗೆ, ಪ್ರತಿ ಎಸೆತಕ್ಕೆ ದರ ಬದಲಾಗುತ್ತದೆ. ಬೀಗ ತೆಗೆದ ರಾತ್ರಿಯೇ ಒಂದೂವರೆ ಲಕ್ಷ ಮತ್ತೆ ಹೋಗಬಹುದು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಏಜೆಂಟ್ ಕೊಡುವ ಐಡಿ ಅದಕ್ಕೂ ಮೊದಲೇ ಕಾನೂನಿನ ಹೊರಗಿನದು. ಹೊಸ ಕಾಯ್ದೆಗೆ ಅದು ಬೆದರುತ್ತದೆ ಎಂದು ನಂಬುವುದು ಕಷ್ಟ.

ಹೀಗೆ ಕೊಟ್ಟ ಹಣಕ್ಕೆ ಜೂಜಿನ ಚಟವನ್ನು ಅಧ್ಯಯನ ಮಾಡಿದವರು ‘ಬೇಲ್‌ಔಟ್’ ಎಂದು ಹೆಸರಿಟ್ಟಿದ್ದಾರೆ. 1972ರಲ್ಲಿ ಅಮೆರಿಕದ ಒಹಾಯೋದಲ್ಲಿ ಜೂಜುಗಾರರಿಗಾಗಿ ಚಿಕಿತ್ಸೆ ಆರಂಭಿಸಿದ ಮನೋವೈದ್ಯ ರಾಬರ್ಟ್ ಕಸ್ಟರ್, ಈ ಚಟ ಗೆಲುವು, ಸೋಲು, ಹತಾಶೆ ಎಂಬ ಹಂತಗಳಲ್ಲಿ ಇಳಿಯುತ್ತದೆ ಎಂದು ವಿವರಿಸಿದರು. ಸೋಲಿನಿಂದ ಹತಾಶೆಗೆ ಇಳಿಯುವ ದಾರಿಯಲ್ಲಿ ಈ ಬೇಲ್‌ಔಟ್ ಬರುತ್ತದೆ. ಮನೋವೈದ್ಯರು ಇಂದು ಬಳಸುವ ಡಿಎಸ್‌ಎಂ ಕೈಪಿಡಿಯ 2013ರ ಆವೃತ್ತಿಯಲ್ಲಿ ಜೂಜಿನ ಕಾಯಿಲೆಗೆ ಒಂಬತ್ತು ಲಕ್ಷಣಗಳಿವೆ. ಕಳೆದುಕೊಂಡದ್ದನ್ನು ಆಡಿಯೇ ಗಳಿಸಲು ಹೋಗುವುದು ಅವುಗಳಲ್ಲಿ ಒಂದು, ಆಟವನ್ನು ಮುಚ್ಚಿಡಲು ಸುಳ್ಳು ಹೇಳುವುದು ಇನ್ನೊಂದು, ಜೂಜಿನಿಂದ ಬಂದ ಹಣದ ಸಂಕಟಕ್ಕೆ ಬೇರೆಯವರ ಹಣವನ್ನು ಆಶ್ರಯಿಸುವುದು ಕೊನೆಯದು. ಡೊಂಬಿವಲಿಯವನ ನಾಲ್ಕು ಸಾಲಿನ ಮೆಸೇಜಿನಲ್ಲಿ ಈ ಮೂರರ ನೆರಳೂ ಇದೆ. ಕಾಯಿಲೆ ಹೌದೋ ಅಲ್ಲವೋ ಎಂದು ಹೇಳಬೇಕಾದವರು ವೈದ್ಯರು. ಆದರೆ ಸಾಲ ಕೇಳುವುದೇ ಒಂದು ಲಕ್ಷಣ ಎಂದಾದರೆ, ಸಾಲ ಕೊಡುವುದು ಮದ್ದಾಗಲಾರದು ಎನ್ನಲು ವೈದ್ಯರು ಬೇಕಿಲ್ಲ.

ಇದನ್ನು ತಿಳಿಯಲು ನಾವು ಒಹಾಯೋವರೆಗೆ ಹೋಗಬೇಕಾಗಿಯೂ ಇಲ್ಲ. ಸಭಾಪರ್ವದಲ್ಲಿ ಧರ್ಮರಾಯ ಎಲ್ಲವನ್ನೂ ಸೋತ ಮೇಲೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಅದರ ನಂತರದ ಭಾಗವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟು, ಸೋತದ್ದನ್ನೆಲ್ಲ ಪಾಂಡವರಿಗೆ ಮರಳಿಸುತ್ತಾನೆ. ರಾಜ್ಯ, ಸಂಪತ್ತು, ಸ್ವಾತಂತ್ರ್ಯ, ಒಂದೂ ಬಾಕಿ ಉಳಿಯುವುದಿಲ್ಲ. ಲೋಕದಲ್ಲಿ ಇಷ್ಟು ದೊಡ್ಡ ಬೇಲ್‌ಔಟ್ ಇನ್ನೊಬ್ಬ ಜೂಜುಗಾರನಿಗೆ ಸಿಕ್ಕಿರಲಾರದು. ಅವರು ಇಂದ್ರಪ್ರಸ್ಥದ ದಾರಿ ಹಿಡಿದಿರುವಾಗಲೇ ಮತ್ತೆ ಕರೆ ಬರುತ್ತದೆ, ಧರ್ಮರಾಯ ಹಿಂದಿರುಗಿ ಬಂದು ಮತ್ತೆ ಕೂರುತ್ತಾನೆ. ಅದೇ ಅನುದ್ಯೂತ, ಅದರ ಫಲ ವನವಾಸ. ಕರೆಗೆ ಓಗೊಡುವುದು ಕ್ಷತ್ರಿಯಧರ್ಮ ಎಂದು ಅವನನ್ನು ಸಮರ್ಥಿಸುವವರಿದ್ದಾರೆ. ಐಡಿ ಮತ್ತೆ ತೆರೆದಾಗ ಬರುವ ಮೆಸೇಜಿಗೂ ಅಂಥದೇ ಒಂದು ಸಮರ್ಥನೆ ಸಿಗುತ್ತದೆ.

ಕಾನೂನಿನ ಮಾತು ಇಲ್ಲಿ ಒಂದಿಷ್ಟು ಬೇಕು, ಮುಂಬಯಿಗೆ ಅದರಲ್ಲಿ ವಿಶೇಷ ಸ್ಥಾನ ಇರುವುದರಿಂದ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಶೂನ್ಯ. ದೊಡ್ಡ ಬಹುಮಾನದ ಕುದುರೆ ರೇಸಿಗೆ ಮಾತ್ರ ಒಂದು ವಿನಾಯಿತಿ ಇದೆ. ಹಾಗಾಗಿ ಬುಕ್ಕಿಯ 1,40,000ವನ್ನು ಯಾವ ಕೋರ್ಟೂ ವಸೂಲು ಮಾಡಿಕೊಡುವುದಿಲ್ಲ. ಆದರೆ ಬಾಜಿಗೆಂದು ಮೂರನೆಯವನು ಕೊಟ್ಟ ಸಾಲದ ಕತೆಯೇನು? ದೇಶದ ಬೇರೆಡೆ, ಬಾಜಿ ಶೂನ್ಯವಾದರೂ ಅದರ ಪಕ್ಕದ ಒಪ್ಪಂದ ಶೂನ್ಯವಲ್ಲ ಎಂಬ ನಿಲುವು 1959ರಲ್ಲಿ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದಲೂ ಬಂತು. ಬಾಂಬೆ ಪ್ರೆಸಿಡೆನ್ಸಿಯಲ್ಲಿ ಹಾಗಲ್ಲ. 1865ರಷ್ಟು ಹಿಂದೆಯೇ ಅಲ್ಲಿ ಬಂದ ಕಾಯ್ದೆಯೊಂದು, ಬಾಜಿಗೆ ನೆರವಾಗಲೆಂದು ತಿಳಿದೂ ಮಾಡಿಕೊಂಡ ಒಪ್ಪಂದಗಳನ್ನೂ ಶೂನ್ಯ ಎಂದಿತು, ಅವುಗಳ ಹಣಕ್ಕಾಗಿ ದಾವೆ ಹೂಡುವಂತಿಲ್ಲ ಎಂದಿತು. ಆಗಲೇ ಸೋತುಹೋದ ಬಾಕಿಗೆ ಕೊಟ್ಟ ಕೈಗಡ ಇದರೊಳಗೆ ಬರುತ್ತದೆಯೇ ಎಂಬುದರ ಮೇಲೆ ವಕೀಲರು ಎರಡೂ ಕಡೆ ವಾದಿಸಬಹುದು. ಆದರೆ ಘಾಟ್‌ಕೋಪರಿನವನು ಆ ವಾದ ಶುರುಮಾಡುವ ಸ್ಥಿತಿಗೆ ಬಂದರೆ, ಗೆಳೆತನ ಅಷ್ಟರಲ್ಲಿ ಮುಗಿದಿರುತ್ತದೆ. ಗೊತ್ತಿದ್ದೂ ಕೊಟ್ಟ ಹಣವನ್ನು ದಾನ ಎಂದೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಅದೂ ಬುಕ್ಕಿಗೆ.

ಈಗ ಉತ್ತರಕ್ಕೆ ಬರೋಣ. ಕೈಗಡ ಎಂಬ ಮಾತಿನಲ್ಲೇ ಕಷ್ಟ ಅಡಗಿದೆ. ಸಾಲಕ್ಕೆ ಕಾಗದ ಬೇಕು, ಬಡ್ಡಿ ಬೇಕು. ಕೈಗಡಕ್ಕೆ ಕೈ ಸಾಕು. ಊರು ಬಿಟ್ಟು ಬಂದು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, ಒಬ್ಬರ ಖೋಲಿಯಲ್ಲಿ ಇನ್ನೊಬ್ಬರು ಚಾಪೆ ಹಾಸಿ ನೆಲೆಯಾದ ಮುಂಬಯಿ ಕನ್ನಡಿಗರಲ್ಲಿ ಕೈಗಡ ಕೊಡದವನು ‘ದೊಡ್ಡ ಜನ’ ಆದವನು. ಸಂಘದ ಮುಂದಿನ ಕಾರ್ಯಕ್ರಮದಲ್ಲಿ ಅದು ಕಿವಿಯಿಂದ ಕಿವಿಗೆ ಹೋಗುತ್ತದೆ. ಈ ಅಂಜಿಕೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: “ಈಗ ಆಗುವುದಿಲ್ಲ ಮಾರಾಯ, ಸ್ವಲ್ಪ ಟೈಟ್ ಇದೆ.”

ಈ ವಾಕ್ಯದಲ್ಲಿ ಎರಡು ಬಿರುಕುಗಳಿವೆ. ಒಂದು ‘ಈಗ’. ಈಗ ಇಲ್ಲ ಎಂದರೆ ಆಮೇಲೆ ಉಂಟು. ಸಂಬಳದ ದಿನ ಫೋನ್ ಬರುತ್ತದೆ. ಇನ್ನೊಂದು ‘ಆಗುವುದಿಲ್ಲ’. ಕನ್ನಡದಲ್ಲಿ ‘ನನಗೆ ಆಗುವುದಿಲ್ಲ’ ಎಂದಾಗ ನಾನು ಏನನ್ನೂ ತೀರ್ಮಾನಿಸಿಲ್ಲ, ಪರಿಸ್ಥಿತಿ ನನಗೆ ಬಿಡುತ್ತಿಲ್ಲ ಎಂದರ್ಥ. ಪರಿಸ್ಥಿತಿಯನ್ನು ಸರಿಮಾಡಬಹುದು: ಪೂರ್ತಿ ಬೇಡ, ಇಪ್ಪತ್ತು ಸಾವಿರ ಆದೀತಾ? ಎಫ್‌ಡಿ ಮುರಿದರೆ? ನಿನ್ನ ಕಾರ್ಡಿನ ಮೇಲೆ ತೆಗೆದರೆ? ಹೇಳಿದ್ದು ಕಾರಣವಾದ್ದರಿಂದ ಕೇಳುವವನು ಕಾರಣಕ್ಕೆ ಪರಿಹಾರ ತರುತ್ತಾನೆ, ಮತ್ತು ಪ್ರತಿ ಪರಿಹಾರಕ್ಕೂ ಹೊಸ ನೆಪ ಹುಡುಕಬೇಕಾಗುತ್ತದೆ. ‘ನಾನು ಕೊಡುವುದಿಲ್ಲ’ ಎಂಬಲ್ಲಿ ಆ ಸೌಲಭ್ಯವಿಲ್ಲ, ಅಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಹಳಗನ್ನಡದ ನಿಷೇಧ ರೂಪ ಇದಕ್ಕೂ ಗಟ್ಟಿ. ‘ಕೊಡೆಂ’ ಎಂದರೆ ಅದಕ್ಕೆ ಕಾಲವೇ ಇಲ್ಲ. ಕೊಡಲಿಲ್ಲ, ಕೊಡುವುದಿಲ್ಲ ಎಲ್ಲವೂ ಅದೊಂದರಲ್ಲೇ. ಇಂದಿನ ಕನ್ನಡ ಆ ಸೌಕರ್ಯವನ್ನು ಕಳೆದುಕೊಂಡಿದೆ, ಆದ್ದರಿಂದ ‘ಮುಂದಿನ ತಿಂಗಳೂ ಇಲ್ಲ’ ಎಂದು ಬೇರೆಯಾಗಿ ಬರೆಯಬೇಕಾಗುತ್ತದೆ.

ಘಾಟ್‌ಕೋಪರಿನವನು ಬೆಳಗಾಗುವವರೆಗೆ ಕಾದು, ಹೀಗೆ ಬರೆಯುತ್ತಾನೆ ಎನ್ನೋಣ:

“ನಿನ್ನ ಮೆಸೇಜ್ ಎರಡು ಮೂರು ಸಲ ಓದಿದೆ. ಬೆಟ್ಟಿಂಗ್ ಅಂತ ಬಾಯಿಬಿಟ್ಟು ಹೇಳಿದೆಯಲ್ಲ, ಅದು ಸುಲಭ ಅಲ್ಲ ಅಂತ ಗೊತ್ತುಂಟು.

ನಾನು ದುಡ್ಡು ಕೊಡುವುದಿಲ್ಲ. ನನ್ನ ಹತ್ರ ಇಲ್ಲ ಅಂತ ಅಲ್ಲ, ಉಂಟು. ಇದಕ್ಕೆ ಕೊಡುವುದಿಲ್ಲ. ಇಪ್ಪತ್ತು ಸಾವಿರವೂ ಇಲ್ಲ, ಮುಂದಿನ ತಿಂಗಳೂ ಇಲ್ಲ. ಕೊಟ್ಟರೆ ಅವನ ಬಾಕಿ ತೀರ್ತದೆ, ನಿನ್ನ ಆಟ ನಿಲ್ಲುವುದಿಲ್ಲ.

ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಗೆ ಮನೆಗೆ ಬರ್ತೇನೆ. ಯಾರ್ಯಾರಿಗೆ ಎಷ್ಟು ಅಂತ ಒಂದು ಕಾಗದದಲ್ಲಿ ಬರೆದಿಡು. ಎಲ್ಲವನ್ನೂ ಬರಿ, ಚಿನ್ನ ಇಟ್ಟಿದ್ದರೆ ಅದನ್ನೂ. ಅತ್ತಿಗೆಗೆ ಹೇಳಲೇಬೇಕು. ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರ್ತೇನೆ. ಅವರು ನನ್ನನ್ನು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಬ್ಯಾಂಕಿನವರ ಹತ್ರ ಮಾತಾಡಲಿಕ್ಕೆ ಒಟ್ಟಿಗೆ ಹೋಗುವ.

ಬುಕ್ಕಿ ಕಡೆಯವರು ಮನೆಗೆ ಬರ್ತೇವೆ ಅಂದರೆ ರಾತ್ರಿ ಎಷ್ಟೊತ್ತಾದರೂ ಫೋನ್ ಮಾಡು. ದುಡ್ಡು ತರುವುದಿಲ್ಲ, ನಾನು ಬರ್ತೇನೆ, ಪೊಲೀಸ್ ಸ್ಟೇಷನ್ನಿಗೆ ಇಬ್ಬರೂ ಹೋಗುವ. ತಲೆ ತೀರಾ ಕೆಟ್ಟರೆ 14416ಕ್ಕೆ ಮಾಡು, ಕನ್ನಡದಲ್ಲಿ ಮಾತಾಡ್ತಾರೆ.

ಕೋಪ ಬಂದರೆ ಬರಲಿ. ಆದಿತ್ಯವಾರ ಬರ್ತೇನೆ.”

ಇದರಲ್ಲಿ ಕ್ಷಮಿಸು ಎಂಬ ಮಾತಿಲ್ಲ. ಕ್ಷಮೆ ಕೇಳಿದರೆ ತಪ್ಪು ಮಾಡಿದ ಹಾಗಾಗುತ್ತದೆ, ಆ ತಪ್ಪನ್ನು ತಿದ್ದುವ ದಾರಿ ಹಣ ಕೊಡುವುದೇ ಆಗುತ್ತದೆ. ಉಪದೇಶವೂ ಇಲ್ಲ. ಜೂಜು ಕೆಟ್ಟದ್ದು ಎಂದು ಅವನಿಗೆ ಹೇಳಬೇಕಾಗಿಲ್ಲ, ಅವನಷ್ಟು ಚೆನ್ನಾಗಿ ಅದು ಯಾರಿಗೂ ಗೊತ್ತಿಲ್ಲ. ‘ಇಲ್ಲ’ ಬರುವುದು ಎರಡನೆಯ ಪ್ಯಾರಾದ ಮೊದಲ ವಾಕ್ಯದಲ್ಲಿ. ಕೆಳಗೆ ಎಲ್ಲೋ ಹೂತಿಟ್ಟರೆ, ಓದುವವನು ಅಲ್ಲಿಯವರೆಗೆ ಹೌದು ಎಂದುಕೊಂಡೇ ಓದುತ್ತಾನೆ. ತನ್ನ ಬಳಿ ಹಣ ಇದೆ ಎಂದು ಒಪ್ಪಿಕೊಂಡದ್ದು ಕೆಲವರಿಗೆ ನಿಷ್ಠುರ ಅನ್ನಿಸಬಹುದು. ಆದರೆ ಇಲ್ಲ ಎಂದು ಸುಳ್ಳು ಹೇಳಿ, ಮೂರು ತಿಂಗಳ ಮೇಲೆ ಹೊಸ ಬೈಕು ಕೊಂಡರೆ ಇಬ್ಬರಿಗೂ ಅದಕ್ಕಿಂತ ಕೆಟ್ಟದಾಗುತ್ತದೆ.

ಹೆಚ್ಚು ಜಗಳ ಹುಟ್ಟುವುದು ಅತ್ತಿಗೆಯ ಮಾತಿನಲ್ಲಿ. ಗೆಳೆಯನ ಗುಟ್ಟನ್ನು ಕಾಯುವುದು ಗೆಳೆತನ ಎಂದು ನಂಬಿದವರು ಅನೇಕರು. ಆದರೆ ಇಲ್ಲಿ ಗುಟ್ಟು ಬರೀ ಗುಟ್ಟಲ್ಲ. ಅಡವಿನಲ್ಲಿರುವುದು ಅವಳ ಚಿನ್ನ, ಕಂತು ತಪ್ಪಿದರೆ ಹೋಗುವುದು ಅವಳಿರುವ ಮನೆ. ಬೆನ್ನ ಹಿಂದೆ ಹೋಗಿ ಅವಳಿಗೆ ಹೇಳುವುದೂ ಸರಿಯಲ್ಲ, ಆಮೇಲೆ ಅವನು ಯಾರ ಬಳಿಯೂ ಬಾಯಿಬಿಡುವುದಿಲ್ಲ. ನೀನು ಹೇಳು, ಕೇಳಿದರೆ ನಾನು ಮುಚ್ಚಿಡುವುದಿಲ್ಲ ಎಂಬ ನಡುವಿನ ದಾರಿಯೇ ಸಮ. ಒಂದು ಗಡುವು ಇಟ್ಟದ್ದರಿಂದ ಅದು ಬೆದರಿಕೆಯಂತೆ ಕೇಳಿಸಿದರೂ ಸಹಿಸಿಕೊಳ್ಳಬೇಕು.

ಉತ್ತರಕ್ಕೆ ಉತ್ತರ ಬರುತ್ತದೆ. ಮೊದಲು ಮೌನ, ಆಮೇಲೆ ಚೌಕಾಶಿ, ಆಮೇಲೆ ಹಳೆಯ ಉಪಕಾರಗಳ ಪಟ್ಟಿ. ಆ ಖೋಲಿಯ ಚಾಪೆಯ ನೆನಪು ಖಂಡಿತ ಬರುತ್ತದೆ. ಇವಕ್ಕೆಲ್ಲ ಹೊಸದಾಗಿ ಏನೂ ಬರೆಯಬೇಕಿಲ್ಲ, ‘ಆದಿತ್ಯವಾರ ಬರ್ತೇನೆ’ ಎಂಬುದನ್ನೇ ಇನ್ನೊಮ್ಮೆ ಕಳಿಸಿದರೆ ಸಾಕು. ಬೇರೆಯಾಗಿ ನಡೆದುಕೊಳ್ಳಬೇಕಾದ ಸಂದರ್ಭ ಒಂದೇ. ‘ನನಗೆ ಬೇರೆ ದಾರಿಯೇ ಉಳಿದಿಲ್ಲ’ ಎಂಬಂಥ ಮಾತು ಬಂದರೆ ಅದನ್ನು ನಾಟಕ ಎಂದು ತಳ್ಳಿಹಾಕಬಾರದು. ಹಾಗೆಂದು ಹಣವನ್ನೂ ಕಳಿಸಬಾರದು. ಆದಿತ್ಯವಾರದವರೆಗೆ ಕಾಯದೆ ಆಗಲೇ ರೈಲು ಹತ್ತಬೇಕು, ಅವನನ್ನು ಒಂಟಿಯಾಗಿ ಬಿಡಬಾರದು, ಆ ಹೊತ್ತಿನಲ್ಲೇ ಮನೆಯವರಿಗೆ ಹೇಳಬೇಕು. ಮೆಸೇಜಿನಲ್ಲಿದ್ದ 14416 ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ.

‘ಹಾಗಾದರೆ ಮಗುವಿನ ಶಾಲೆಯ ಫೀಸಿಗೂ ಕೊಡಬಾರದೇ?’ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಲೆಕ್ಕ ಅಷ್ಟು ಸರಳವಲ್ಲ. ಶಾಲೆಗೇ ನೇರ ಕಟ್ಟಿದರೂ, ಅವನ ಸಂಬಳದಲ್ಲಿ ಆ ಫೀಸಿನಷ್ಟು ಹಣ ಸಡಿಲವಾಗುತ್ತದೆ, ಅದು ಐಡಿಗೆ ಹೋಗಬಹುದು. ಸಂಬಳದ ಖಾತೆ ಹೆಂಡತಿಯ ಕಣ್ಣಿನಡಿಗೆ ಬರುವ ಮೊದಲು ಕಟ್ಟಿದ ಫೀಸು ಸುತ್ತುದಾರಿಯ ಕೈಗಡವೇ. ಬಂದ ಮೇಲೆ ಕಟ್ಟಿದರೆ ಅದು ನಿಜವಾದ ಸಹಾಯ.

ಆದಿತ್ಯವಾರದ ಕೆಲಸದಲ್ಲಿ ಮಾತು ಕಡಿಮೆ, ಕಾಗದ ಹೆಚ್ಚು. ಪಟ್ಟಿಯ ಮೇಲ್ಗಡೆ ಮನೆಯ ಕಂತು, ಆಮೇಲೆ ಹರಾಜಿಗೆ ಹೋಗಬಹುದಾದ ಚಿನ್ನ, ಆಮೇಲೆ ಅತಿ ಬಡ್ಡಿಯ ಆ್ಯಪುಗಳು ಮತ್ತು ಕಾರ್ಡು. ಕಾರ್ಡಿನ ಬಾಕಿಯನ್ನು ಕಂತುಗಳಾಗಿ ಒಡೆದುಕೊಡಿ ಎಂದು ಬ್ಯಾಂಕನ್ನು ಬಾಕಿ ಕೆಡುವ ಮೊದಲೇ ಕೇಳಬೇಕು, ಕೆಟ್ಟ ಮೇಲೆ ಕೇಳಿದರೆ ವಸೂಲಿಯವರ ಜೊತೆ ಮಾತಾಡಬೇಕಾಗುತ್ತದೆ. ಜೊತೆಗಾರನ ನಲವತ್ತು ಸಾವಿರಕ್ಕೆ ತಿಂಗಳಿಗೆ ಇಂತಿಷ್ಟು ಎಂದು ಅವನ ಮುಖ ನೋಡಿ ಹೇಳಬೇಕು. ಬುಕ್ಕಿಯ ಹೆಸರು ಕೊನೆಗೆ, ಕೋರ್ಟಿಗೆ ಹೋಗಲಾರದವನು ಅವನೊಬ್ಬನೇ ಆದ್ದರಿಂದ. ಅವನ ಕಡೆಯ ಕರೆಗಳನ್ನೂ ಮೆಸೇಜುಗಳನ್ನೂ ಅಳಿಸದೆ ಇಟ್ಟುಕೊಂಡಿದ್ದರೆ, ಸ್ಟೇಷನ್ನಿಗೆ ಹೋಗಬೇಕಾಗಿ ಬಂದಾಗ ಕೈಯಲ್ಲಿ ಏನಾದರೂ ಇರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ದಿನದ ಯುಪಿಐ ಮಿತಿಯನ್ನು ಎರಡು ಸಾವಿರಕ್ಕೆ ಇಳಿಸುವುದು ಐದು ನಿಮಿಷದ ಕೆಲಸ. ಮತ್ತೆ ಏರಿಸುವುದೂ ಐದು ನಿಮಿಷವೇ, ಆದ್ದರಿಂದ ಆ ಫೋನಿನಿಂದ ಖಾತೆಯನ್ನೇ ತೆಗೆದು, ಕೈಖರ್ಚಿಗೆ ನಗದು ಕೊಡುವ ಮನೆಗಳೂ ಇವೆ.

ಇಷ್ಟೆಲ್ಲ ಆದ ಮೇಲೂ ಮುಂದಿನ ಐಪಿಎಲ್ ಬರುತ್ತದೆ. ವಾಂಖೆಡೆಯ ದೀಪ ಹೊತ್ತುವ ಸಂಜೆಗಳಲ್ಲಿ ಡೊಂಬಿವಲಿಯವನ ಕೈ ಫೋನಿನ ಮೇಲೆ ಹೋಗುತ್ತದೆ. ಆ ಸಂಜೆಗಳಲ್ಲಿ ಘಾಟ್‌ಕೋಪರಿನವನಿಗೆ ಕಳಿಸಲು ಇನ್ನೊಂದು ಮೆಸೇಜ್ ಇರುತ್ತದೆ, ಬರೆಯಲು ಹೊತ್ತು ಬೇಡದ್ದು: “ಏಳೂವರೆಗೆ ನಿಮ್ಮಲ್ಲಿಗೆ ಬರ್ತೇನೆ, ಊಟ ಅಲ್ಲೇ.”